ಬಿಒಡಿ ಇಳಿದಿದೆ, ಅಮೋನಿಯಾ ಮಾತ್ರ ಇಳಿಯುತ್ತಿಲ್ಲ: ಸಣ್ಣ ಎಸ್‌ಟಿಪಿ ನಡೆಸುವವರಿಗೆ ಹಂತ ಹಂತದ ದಾರಿ

ದಾವಣಗೆರೆಯ ಹಾಸ್ಟೆಲ್, ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪಗಳಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಸರ್, ಲ್ಯಾಬ್ ರಿಪೋರ್ಟ್ ಬಂತು. ಬಿಒಡಿ 8 ಇದೆ. ನೀರು ತಿಳಿಯಾಗಿದೆ. ಆದರೆ ಅಮೋನಿಯಾ 18 ಅಂತ ತೋರಿಸುತ್ತಿದೆ. ಏನು ಮಾಡೋದು?" ಚಿತ್ರದುರ್ಗದಿಂದಲೂ ಕೇಳುತ್ತಾರೆ, ಆದರೆ ಅಲ್ಲಿಂದ ಕಡಿಮೆ. ಅದಕ್ಕೆ ಒಂದು ಕಾರಣ ನೀರಿನಲ್ಲೇ ಇದೆ. ಅದು ನಾಲ್ಕನೇ ಹಂತದಲ್ಲಿ ಬರುತ್ತದೆ.

ಈ ಲೇಖನ ಏರೇಷನ್ ಟ್ಯಾಂಕ್, ಸೆಟ್ಲಿಂಗ್ ಟ್ಯಾಂಕ್, ಸ್ಲಡ್ಜ್ ವಾಪಸ್ ಕಳಿಸುವ ಪಂಪ್ ಇರುವ ಘಟಕಗಳಿಗೆ. ಇದನ್ನೇ ಆಕ್ಟಿವೇಟೆಡ್ ಸ್ಲಡ್ಜ್ ಪದ್ಧತಿ ಎನ್ನುತ್ತಾರೆ. ಪ್ಲಾಸ್ಟಿಕ್ ಬಿಲ್ಲೆ ತುಂಬಿದ ಟ್ಯಾಂಕ್ ನಿಮ್ಮದಾದರೆ ಗಾಳಿ ಮತ್ತು ಕ್ಷಾರದ ಮಾತು ಅನ್ವಯಿಸುತ್ತದೆ, ಸ್ಲಡ್ಜ್ ವಯಸ್ಸಿನ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ.

ಮೊದಲು: ಟ್ಯಾಂಕಿನೊಳಗೆ ಯಾರು ಏನು ಮಾಡುತ್ತಾರೆ

ಏರೇಷನ್ ಟ್ಯಾಂಕಿನ ಕಂದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ತುಣುಕುಗಳಿಗೆ ಫ್ಲಾಕ್ ಎನ್ನುತ್ತಾರೆ. ಒಂದೊಂದು ಫ್ಲಾಕ್ ಕೂಡ ಲಕ್ಷಾಂತರ ಬ್ಯಾಕ್ಟೀರಿಯಾ ಅಂಟಿಕೊಂಡು ಬದುಕುವ ಗೊಂಚಲು. ಇವೆಲ್ಲ ಸೇರಿದ ಕೆಸರೇ ಸ್ಲಡ್ಜ್. ಅವುಗಳಲ್ಲಿ ಮೂರು ಥರದ ಕೆಲಸದವರಿದ್ದಾರೆ.

ಮೊದಲನೆಯವು ಕೊಳೆ ತಿನ್ನುವವು. ಮಲ, ಅನ್ನದ ಗಂಜಿ, ಸೋಪು, ಎಣ್ಣೆಯ ಅಂಶ, ಹೀಗೆ ಇಂಗಾಲ ಇರುವುದೆಲ್ಲ ಇವಕ್ಕೆ ಊಟ. ಇವು ಕೊಳೆಯನ್ನು ಆಮ್ಲಜನಕ ಬಳಸಿ ಸುಡುತ್ತವೆ, ಒಂದಷ್ಟನ್ನು ಮೈಗೆ ಹಚ್ಚಿಕೊಂಡು ಬೆಳೆಯುತ್ತವೆ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ. ಅದನ್ನು ಇಳಿಸುವವು ಇವೇ. ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ. ಇವತ್ತು ಅರ್ಧ ಸತ್ತರೂ ಎರಡು ಮೂರು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಎರಡನೆಯವು ಅಮೋನಿಯಾ ತಿನ್ನುವವು. ಮೂತ್ರದ ಯೂರಿಯಾ ಪೈಪಿನಲ್ಲಿ ಬರುವಾಗಲೇ ಅಮೋನಿಯಾ ಆಗಿರುತ್ತದೆ. ನೈಟ್ರೊಸೊಮೊನಾಸ್ ಜಾತಿಯವು ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾ ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಈ ಕೆಲಸಕ್ಕೆ ನೈಟ್ರಿಫಿಕೇಷನ್ ಎಂದು ಹೆಸರು. ಇವು ಬೆಳೆಯುವುದು ಬಹಳ ನಿಧಾನ. ನಮ್ಮ ಸೆಕೆಯಲ್ಲೂ ಇಮ್ಮಡಿಯಾಗಲು ಒಂದು ದಿನವೋ ಅದಕ್ಕಿಂತ ಜಾಸ್ತಿಯೋ ಬೇಕು. ಸ್ಲಡ್ಜಿನಲ್ಲಿ ಇವುಗಳ ಪಾಲು ಶೇಕಡಾ ಕೆಲವೇ ಕೆಲವು.

ಮೂರನೆಯವು ನೈಟ್ರೇಟನ್ನು ಉಸಿರಾಡುವವು. ಇವು ಬೇರೆ ಯಾರೋ ಅಲ್ಲ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಲ್ಲೇ ಬಹಳಷ್ಟಕ್ಕೆ ಈ ಕೆಲಸ ಗೊತ್ತು. ಗಾಳಿ ಸಿಗದಿದ್ದಾಗ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ಬದುಕುತ್ತವೆ. ಉಳಿದ ಸಾರಜನಕ ಗುಳ್ಳೆಯಾಗಿ ಗಾಳಿಗೆ ಹೋಗುತ್ತದೆ. ಇದು ಡಿನೈಟ್ರಿಫಿಕೇಷನ್. ಸಾರಜನಕ ನೀರಿನಿಂದ ನಿಜವಾಗಿ ಹೊರಹೋಗುವುದು ಇಲ್ಲಿಯೇ.

ಹಾಗಾಗಿ ಬಿಒಡಿ 8, ಅಮೋನಿಯಾ 18 ಎಂದರೆ ಮೊದಲನೆಯವರು ಚೆನ್ನಾಗಿದ್ದಾರೆ, ಎರಡನೆಯವರಿಗೆ ಏನೋ ಕೊರತೆಯಾಗಿದೆ ಎಂದರ್ಥ. ಆ ಕೊರತೆ ಮೂರರಲ್ಲಿ ಒಂದು: ಬೆಳೆಯಲು ಸಮಯ, ಗಾಳಿ, ಇಲ್ಲವೇ ಕ್ಷಾರ. ಚಳಿಯ ದೇಶಗಳಲ್ಲಿ ತಂಪು ನೀರೂ ದೊಡ್ಡ ಕಾರಣ. ನಮ್ಮಲ್ಲಿ ಆ ನೆಪ ನಡೆಯುವುದಿಲ್ಲ.

ಈ ಪದ್ಧತಿಯನ್ನು ಕಂಡುಹಿಡಿದವರು ಅಳತೆಗೆ ಇಟ್ಟುಕೊಂಡದ್ದೂ ನೈಟ್ರಿಫಿಕೇಷನ್ನನ್ನೇ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡನ್ ಮತ್ತು ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿ, ತಳದಲ್ಲಿ ಕೂತ ಸ್ಲಡ್ಜನ್ನು ಚೆಲ್ಲದೆ ಮುಂದಿನ ನೀರಿಗೆ ಬಳಸುತ್ತಾ ಹೋದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಅವರಿಗೆ ದಾರಿ ತೋರಿಸಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಸ್ಲಡ್ಜ್ ಉಳಿಸಿಕೊಂಡರೆ ಮಾತ್ರ ಅಮೋನಿಯಾ ಹೋಗುತ್ತದೆ ಎಂಬ ಅವರ ಪಾಠ ಇವತ್ತಿಗೂ ಹಾಗೇ ಇದೆ.

ಏನೇನು ಬೇಕು

ಒಂದು ಲೀಟರಿನ ಅಳತೆ ಸಿಲಿಂಡರ್. ಪಿಎಚ್ ಮೀಟರ್. ಡಿಒ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಸಾಧನ; ಕೊಳ್ಳಲು ಆಗದಿದ್ದರೆ ಎರಡು ದಿನಕ್ಕೆ ಎರವಲು ತಂದರೂ ಸಾಕು. ಹನಿ ಎಣಿಸಿ ನೋಡುವ ಆಲ್ಕಲಿನಿಟಿ ಕಿಟ್. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಬಣ್ಣದ ಕಿಟ್ ನಡೆಯುತ್ತದೆ. ಆದರೆ ಅದರ ಅಳತೆ ಚಿಕ್ಕದು. ಒಂದು ಪಾಲು ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಲ್ಯಾಬಿನ ಅಂಕಿಗೆ ಸರಿಯಾಗಿ ಕೂಡುವುದಿಲ್ಲ. ದಿನದಿಂದ ದಿನಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಅಷ್ಟು ಸಾಕು.

ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗೆ ಪತ್ರ ಕೈಯಲ್ಲಿರಲಿ. ನಿಮ್ಮ ಅಮೋನಿಯಾ ಎಷ್ಟಿರಬೇಕು, ಒಟ್ಟು ಸಾರಜನಕ ಎಷ್ಟಿರಬೇಕು ಎಂಬುದು ಅದರಲ್ಲೇ ಬರೆದಿರುತ್ತದೆ. ನಾನು ಇಲ್ಲಿ ಅಮೋನಿಯಾ 5, ಒಟ್ಟು ಸಾರಜನಕ 10 ಎಂದು ಇಟ್ಟುಕೊಂಡು ಹೇಳುತ್ತೇನೆ. ಇಲ್ಲಿನ ಅಂಕಿಗಳು, ಬೇರೆ ಹೇಳದಿದ್ದರೆ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಯಾವ ಪರೀಕ್ಷೆಗೂ ಟ್ಯಾಂಕಿನೊಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಖಾಲಿ ಕಂಡ ಟ್ಯಾಂಕಿನ ತಳದಲ್ಲೂ ಹೈಡ್ರೋಜನ್ ಸಲ್ಫೈಡ್ ಅನಿಲ ಕಾದಿರುತ್ತದೆ. ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಸ್ಯಾಂಪಲ್ಲನ್ನು ಕೋಲಿಗೆ ಕಟ್ಟಿದ ಮಗ್ಗಿನಲ್ಲಿ ಮೇಲಿಂದಲೇ ತೆಗೆಯಿರಿ.

ನಾವು ಲೆಕ್ಕ ಹಾಕುವ ಘಟಕ

ಅಂಕಿಗಳಿಲ್ಲದೆ ಇದು ತಲೆಗೆ ಹೋಗುವುದಿಲ್ಲ. ಹಾಗಾಗಿ ಒಂದು ಹಾಸ್ಟೆಲ್ ಎಂದಿಟ್ಟುಕೊಳ್ಳೋಣ. ಸುಮಾರು 370 ವಿದ್ಯಾರ್ಥಿಗಳು, ತಲೆಗೆ ದಿನಕ್ಕೆ 135 ಲೀಟರ್, ಅಂದರೆ ದಿನಕ್ಕೆ 50,000 ಲೀಟರ್ ಕೊಳಚೆ ನೀರು. ಏರೇಷನ್ ಟ್ಯಾಂಕ್ 40,000 ಲೀಟರಿನದು. ಬರುವ ನೀರಿನ ಬಿಒಡಿ 250, ಒಟ್ಟು ಸಾರಜನಕ 50. ಟ್ಯಾಂಕಿನಲ್ಲಿ ಸ್ಲಡ್ಜ್ ಲೀಟರಿಗೆ 3 ಗ್ರಾಂ ಇದೆ. ಇದಕ್ಕೆ ಲ್ಯಾಬ್ ರಿಪೋರ್ಟಿನಲ್ಲಿ ಎಂಎಲ್‌ಎಸ್‌ಎಸ್ ಎಂದಿರುತ್ತದೆ. ಒಟ್ಟು 120 ಕೆಜಿ ಸ್ಲಡ್ಜ್ ಆಯಿತು. ಹೊರಹೋಗುವ ನೀರಿನಲ್ಲಿ ಬಿಒಡಿ 8, ಅಮೋನಿಯಾ 18.

ಹಂತ 1: ಸಿಲಿಂಡರಿನಲ್ಲಿ ಸ್ಲಡ್ಜ್ ನೋಡಿ

ಗಾಳಿ ಊದುವ ಬ್ಲೋವರ್ ಓಡುತ್ತಿರುವಾಗ ಏರೇಷನ್ ಟ್ಯಾಂಕಿನಿಂದ ಒಂದು ಲೀಟರ್ ತೆಗೆದು ಸಿಲಿಂಡರಿಗೆ ಸುರಿಯಿರಿ. ನೆರಳಿನಲ್ಲಿ, ಅಲುಗಾಡದ ಕಡೆ ಇಡಿ. ಎದುರಿಗೇ ನಿಂತು ನೋಡಿ. ಒಳ್ಳೆಯ ಸ್ಲಡ್ಜಾದರೆ ಮೊದಲ ಐದು ನಿಮಿಷದಲ್ಲಿ ತುಣುಕುಗಳು ಒಂದಕ್ಕೊಂದು ಹತ್ತಿಕೊಂಡು ಚಾಪೆಯಾಗುತ್ತವೆ. ಆ ಚಾಪೆ ಇಡಿಯಾಗಿ ಕೆಳಗೆ ಜಾರುತ್ತದೆ, ಮೇಲೆ ತಿಳಿನೀರು ಉಳಿಯುತ್ತದೆ. ಬಣ್ಣ ಕಾಫಿಪುಡಿಯದು, ವಾಸನೆ ಮಳೆ ಬಿದ್ದ ಮಣ್ಣಿನದು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೇರೆ ಯೋಚನೆ ಬೇಡ, ಗಾಳಿ ಸಾಲುತ್ತಿಲ್ಲ. ನೇರ ಮೂರನೇ ಹಂತಕ್ಕೆ ಹೋಗಿ.

ಅರ್ಧ ಗಂಟೆಗೆ ಸ್ಲಡ್ಜ್ ಎಷ್ಟು ಮಿಲಿ ಇದೆ ಎಂದು ಬರೆದುಕೊಳ್ಳಿ. ನಮ್ಮ ಹಾಸ್ಟೆಲಿನಲ್ಲಿ 300 ಬಂತು ಎನ್ನೋಣ. ಅದನ್ನು ಲೀಟರಿನ 3 ಗ್ರಾಂನಿಂದ ಭಾಗಿಸಿದರೆ 100. ಅಂದರೆ ಒಂದು ಗ್ರಾಂ ಸ್ಲಡ್ಜ್ 100 ಮಿಲಿ ಜಾಗ ಹಿಡಿಯುತ್ತಿದೆ. 80ರಿಂದ 120ರ ಒಳಗಿದ್ದರೆ ಚೆಂದ. 150 ದಾಟಿದರೆ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಿ ಸ್ಲಡ್ಜ್ ಉಬ್ಬಿದೆ ಎಂದರ್ಥ.

ಸಿಲಿಂಡರನ್ನು ಅರ್ಧ ಗಂಟೆಗೇ ತೊಳೆದಿಡಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಇನ್ನೂ ಒಂದೂವರೆ ಗಂಟೆ ಹಾಗೇ ಬಿಡಿ. ಚೆನ್ನಾಗಿ ಕೂತಿದ್ದ ಸ್ಲಡ್ಜ್ ಆಮೇಲೆ ಬಿರುಕು ಬಿಟ್ಟು, ಸಣ್ಣ ಗುಳ್ಳೆ ಹೊತ್ತು, ಮುದ್ದೆಯಾಗಿ ಮೇಲೆ ಬಂದರೆ ಅದು ಒಳ್ಳೆಯ ಸುದ್ದಿ: ನಿಮ್ಮಲ್ಲಿ ನೈಟ್ರೇಟ್ ಆಗುತ್ತಿದೆ, ತಳದಲ್ಲಿ ಗಾಳಿ ಮುಗಿದು ಅದು ಸಾರಜನಕದ ಗುಳ್ಳೆಯಾಗುತ್ತಿದೆ. ಕಡ್ಡಿಯಿಂದ ಕದಡಿ, ಗುಳ್ಳೆ ಬಿಟ್ಟುಹೋಗಿ ಮತ್ತೆ ಕೂರುತ್ತದೆ. ಸೆಟ್ಲಿಂಗ್ ಟ್ಯಾಂಕಿನ ಮೇಲೆ ಹೀಗೆ ಮುದ್ದೆ ತೇಲುವುದನ್ನು ಕಂಡು ಸ್ಲಡ್ಜ್ ಕೆಟ್ಟಿದೆ ಎಂದು ಗಾಡಿ ಕರೆಸಿ ಎಲ್ಲವನ್ನೂ ತೆಗೆಸುವವರು ಬಹಳ ಮಂದಿ. ಹಾಗೆ ಮಾಡಬೇಡಿ. ಅಲ್ಲಿ ಬೇಕಾದದ್ದು ಸ್ಲಡ್ಜನ್ನು ಬೇಗ ಬೇಗ ವಾಪಸ್ ಪಂಪ್ ಮಾಡುವುದು. ಮೊದಲ ಅರ್ಧ ಗಂಟೆಯಲ್ಲೇ ಕೂರದಿದ್ದರೆ ಮಾತ್ರ ಅದು ಉಬ್ಬಿದ ಸ್ಲಡ್ಜ್.

ಹಂತ 2: ಸ್ಲಡ್ಜಿನ ವಯಸ್ಸು ಲೆಕ್ಕ ಹಾಕಿ

ಸ್ಲಡ್ಜಿನ ವಯಸ್ಸು ಎಂದರೆ ಒಂದು ಫ್ಲಾಕ್ ಘಟಕದಲ್ಲಿ ಸರಾಸರಿ ಎಷ್ಟು ದಿನ ಉಳಿಯುತ್ತದೆ ಎಂಬುದು. ಲೆಕ್ಕ ಸುಲಭ: ಟ್ಯಾಂಕಿನಲ್ಲಿರುವ ಸ್ಲಡ್ಜನ್ನು ದಿನಕ್ಕೆ ಹೊರಹೋಗುವ ಸ್ಲಡ್ಜಿನಿಂದ ಭಾಗಿಸಿ. ನಿಧಾನವಾಗಿ ಬೆಳೆಯುವ ಅಮೋನಿಯಾ ತಿನ್ನುವವು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುವ ಮೊದಲೇ ನೀವು ಅವನ್ನು ಹೊರಹಾಕಿದರೆ ಅವು ಯಾವತ್ತೂ ನೆಲೆ ನಿಲ್ಲುವುದಿಲ್ಲ. ನಮ್ಮ ಹವೆಯಲ್ಲಿ ಕಡಿಮೆ ದಿನವೂ ನಡೆಯಬಹುದು, ಆದರೆ ಸಣ್ಣ ಘಟಕಗಳಲ್ಲಿ ನೀರು, ಕರೆಂಟು ಎರಡೂ ಏರುಪೇರು. ಅದಕ್ಕೇ 15 ದಿನ ಇಟ್ಟುಕೊಳ್ಳಿ ಎನ್ನುತ್ತೇನೆ.

120 ಕೆಜಿಯನ್ನು 15ರಿಂದ ಭಾಗಿಸಿದರೆ ದಿನಕ್ಕೆ 8 ಕೆಜಿ ಹೋಗಬೇಕು. ತಿಳಿನೀರಿನ ಜೊತೆ ಗೊತ್ತಾಗದಂತೆ 1 ಕೆಜಿ ಹೋಗುತ್ತದೆ. ಉಳಿದ 7 ಕೆಜಿ ನೀವು ತೆಗೆಯಬೇಕು. ವಾಪಸ್ ಬರುವ ಸ್ಲಡ್ಜ್ ಲೀಟರಿಗೆ 6 ಗ್ರಾಂ ಇದ್ದರೆ ಅದು ದಿನಕ್ಕೆ ಸುಮಾರು 1,200 ಲೀಟರ್.

ಈಗ ನಮ್ಮಲ್ಲಿ ನಡೆಯುವುದನ್ನು ನೋಡಿ. ವಾರಕ್ಕೊಮ್ಮೆ ಸಕ್ಕಿಂಗ್ ಗಾಡಿ ಬರುತ್ತದೆ, ಒಂದೇ ಸಲಕ್ಕೆ 10,000 ಲೀಟರ್ ಎಳೆದುಕೊಂಡು ಹೋಗುತ್ತದೆ. ಅದು 60 ಕೆಜಿ. ವಾರದ ಸರಾಸರಿ ತೆಗೆದರೆ ಹೆಚ್ಚುಕಮ್ಮಿ ಅಷ್ಟೇ ಆಯಿತಲ್ಲ ಅನ್ನಿಸುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಅಮೋನಿಯಾ ತಿನ್ನುವವರಲ್ಲಿ ಅರ್ಧ ಜನ ಹೋದರು. ಮಾರನೇ ಬೆಳಿಗ್ಗೆ ಅಷ್ಟೇ ವಿದ್ಯಾರ್ಥಿಗಳು, ಅಷ್ಟೇ ಅಮೋನಿಯಾ. ಬಿಒಡಿ ಎರಡು ದಿನದಲ್ಲಿ ಸರಿಹೋಗುತ್ತದೆ, ಅಮೋನಿಯಾ ಸರಿಹೋಗುವಷ್ಟರಲ್ಲಿ ಮುಂದಿನ ಗಾಡಿ ಬಾಗಿಲಲ್ಲಿ ನಿಂತಿರುತ್ತದೆ.

ಹಾಗಾಗಿ ದಿನವೂ ಸ್ವಲ್ಪ ಸ್ವಲ್ಪ ತೆಗೆಯಿರಿ. ಅದನ್ನು ಒಂದು ಬೇರೆ ಸ್ಲಡ್ಜ್ ಟ್ಯಾಂಕಿಗೋ ಒಣಗಿಸುವ ಮರಳಿನ ಹಾಸಿಗೆಗೋ ಬಿಡಿ. ಗಾಡಿ ಬಂದರೆ ಆ ಟ್ಯಾಂಕಿನಿಂದ ತೆಗೆದುಕೊಂಡು ಹೋಗಲಿ. ಏರೇಷನ್ ಟ್ಯಾಂಕಿಗೆ ಅದರ ಪೈಪ್ ಇಳಿಯಬಾರದು. ಮತ್ತೊಂದು ತುದಿಯ ತಪ್ಪೂ ಇದೆ: ಹೆದರಿ ತಿಂಗಳುಗಟ್ಟಲೆ ತೆಗೆಯದೇ ಇರುವುದು. ಆಗ ಸ್ಲಡ್ಜ್ ಮುದಿಯಾಗಿ, ಸೆಟ್ಲಿಂಗ್ ಟ್ಯಾಂಕ್ ತುಂಬಿ, ತಿಳಿನೀರಿನ ಜೊತೆ ಹೊರಗೆ ಹರಿಯುತ್ತದೆ.

ಹಂತ 3: ಗಾಳಿ ಸಾಲುತ್ತಿದೆಯೇ ನೋಡಿ

ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಗ್ರಾಂ ಆಮ್ಲಜನಕ ಬೇಕು. ನಮ್ಮ ಹಾಸ್ಟೆಲಿನಲ್ಲಿ ಬರುವ 50 ಸಾರಜನಕದಲ್ಲಿ ಸುಮಾರು 12ರಷ್ಟು ಬ್ಯಾಕ್ಟೀರಿಯಾಗಳ ಮೈಗೇ ಸೇರುತ್ತದೆ. ಕೊನೆಗೆ 3 ಉಳಿದರೆ ತಪ್ಪಿಲ್ಲ ಎಂದರೆ 35 ನೈಟ್ರೇಟ್ ಆಗಬೇಕು. ಐವತ್ತು ಸಾವಿರ ಲೀಟರಿಗೆ ಅದು 1.75 ಕೆಜಿ. ಅದಕ್ಕೆ 8 ಕೆಜಿ ಆಮ್ಲಜನಕ. ಕೊಳೆ ತಿನ್ನಲು ಬೇಕಾದದ್ದು 15 ಕೆಜಿ. ಅಂದರೆ ಒಟ್ಟು ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಅಮೋನಿಯಾಗೇ ಬೇಕು. ಬಿಒಡಿ ಮಾತ್ರ ಲೆಕ್ಕ ಹಿಡಿದು ಬ್ಲೋವರ್ ಹಾಕಿದ ಘಟಕಗಳಲ್ಲಿ ಈ ಪಾಲು ಎಲ್ಲಿಂದ ಬರಬೇಕು?

ಗಾಳಿ ಕಡಿಮೆಯಾದಾಗ ಸಿಗುವಷ್ಟನ್ನು ಕೊಳೆ ತಿನ್ನುವವು ಮೊದಲು ಬಾಚಿಕೊಳ್ಳುತ್ತವೆ. ಅಮೋನಿಯಾ ತಿನ್ನುವವು ಕೆಲಸ ನಿಲ್ಲಿಸುತ್ತವೆ. ಹಾಗಾಗಿಯೇ ಬಿಒಡಿ ಚೆನ್ನಾಗಿ ಕಂಡು ಅಮೋನಿಯಾ ಕೈಕೊಡುವುದು.

ಡಿಒ ಮೀಟರನ್ನು ಟ್ಯಾಂಕಿನ ಕೊನೆಯಲ್ಲಿ, ಅಂದರೆ ಸೆಟ್ಲಿಂಗ್ ಟ್ಯಾಂಕಿಗೆ ನೀರು ಹೋಗುವ ಕಡೆ, ಒಂದು ಮೀಟರ್ ಆಳಕ್ಕೆ ಬಿಡಿ. ಬೆಳಿಗ್ಗೆ ಎಲ್ಲರೂ ಸ್ನಾನ ಮುಗಿಸಿದ ಹೊತ್ತಿನಲ್ಲಿ ನೋಡಿ. ಮಧ್ಯಾಹ್ನ ಮೂರು ಗಂಟೆಗೆ ನೋಡಿದರೆ ಎಲ್ಲರ ಟ್ಯಾಂಕೂ ಚೆನ್ನಾಗಿಯೇ ಇರುತ್ತದೆ. 2 ಇರಬೇಕು. 1ಕ್ಕಿಂತ ಕೆಳಗಿದ್ದರೆ ಅಮೋನಿಯಾ ಇಳಿಯುವುದನ್ನು ನಿರೀಕ್ಷಿಸಬೇಡಿ. ಮೇಲ್ಮೈ ನೋಡಿದರೂ ಒಂದಷ್ಟು ತಿಳಿಯುತ್ತದೆ. ಗುಳ್ಳೆ ಎಲ್ಲ ಕಡೆ ಸಣ್ಣಗೆ, ಒಂದೇ ಸಮ ಬರಬೇಕು. ಒಂದು ಮೂಲೆಯಲ್ಲಿ ಮಾತ್ರ ದೊಡ್ಡ ಗುಳ್ಳೆ ಕೊತಕೊತ ಎನ್ನುತ್ತಿದ್ದರೆ ಅಲ್ಲಿ ತಳದಿಂದ ಗಾಳಿ ಬಿಡುವ ಡಿಫ್ಯೂಸರ್ ಹರಿದಿದೆ, ಬೇರೆ ಕಡೆ ಗಾಳಿ ಹೋಗುತ್ತಿಲ್ಲ.

ಕರೆಂಟ್ ಬಿಲ್ ಉಳಿಸಲು ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಬ್ಲೋವರ್ ನಿಲ್ಲಿಸುವ ಪದ್ಧತಿ ಹಲವು ಕಡೆ ಇದೆ. ಆರು ಗಂಟೆ ಗಾಳಿಯಿಲ್ಲದೆ ಸ್ಲಡ್ಜ್ ತಳ ಹಿಡಿಯುತ್ತದೆ, ಕಪ್ಪಾಗುತ್ತದೆ. ಗಾಳಿ ನಿಲ್ಲಿಸಿ ಲಾಭ ಮಾಡಿಕೊಳ್ಳುವ ಸರಿಯಾದ ದಾರಿ ಐದನೇ ಹಂತದಲ್ಲಿದೆ. ಅದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಅಡುಗೆಮನೆಯ ಜಿಡ್ಡೂ ಗಾಳಿ ನುಂಗುತ್ತದೆ. ಬೆಣ್ಣೆ ದೋಸೆಯ ಊರಿನಲ್ಲಿ ಮೆಸ್ಸಿನ ನೀರು ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಗ್ರೀಸ್ ಟ್ರ್ಯಾಪನ್ನು ವಾರಕ್ಕೊಮ್ಮೆಯಾದರೂ ತೆಗೆದು ಸ್ವಚ್ಛ ಮಾಡಿಸಿ.

ಹಂತ 4: ಕ್ಷಾರ ಅಳೆಯಿರಿ

ಬಹಳ ಜನ ನೋಡದೇ ಬಿಡುವ ಹಂತ ಇದು. ದಾವಣಗೆರೆಯಲ್ಲಿ ಅಮೋನಿಯಾ ತೊಂದರೆ ಬಂದಾಗ ನಾನು ಮೊದಲು ಅನುಮಾನಿಸುವುದೂ ಇದನ್ನೇ.

ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ನೀರಿನಲ್ಲಿ ಕರಗಿರುವ ಬೈಕಾರ್ಬನೇಟಿನಿಂದ ಬರುತ್ತದೆ. ಆಲ್ಕಲಿನಿಟಿ, ಅಂದರೆ ಕ್ಷಾರದ ಅಂಶ, ಎನ್ನುವುದು ಇದನ್ನೇ. ಒಂದು ಗ್ರಾಂ ಅಮೋನಿಯಾ ಸಾರಜನಕ 7.14 ಗ್ರಾಂ ಆಲ್ಕಲಿನಿಟಿಯನ್ನು ತಿಂದುಹಾಕುತ್ತದೆ. ಅದು ಮುಗಿದರೆ ಪಿಎಚ್ ಬೀಳುತ್ತದೆ. ಪಿಎಚ್ 6.8ರ ಕೆಳಗೆ ಹೋದರೆ ಅಮೋನಿಯಾ ತಿನ್ನುವವು ಕೈ ಕಟ್ಟಿ ಕೂರುತ್ತವೆ. ಗಾಳಿ ಎಷ್ಟು ಊದಿದರೂ ಪ್ರಯೋಜನವಿಲ್ಲ.

ಬೋರ್‌ವೆಲ್ ನೀರಿಗೂ ನದಿ ನೀರಿಗೂ ಇಲ್ಲಿ ವ್ಯತ್ಯಾಸ ಬರುತ್ತದೆ. ಚಿತ್ರದುರ್ಗದ ಕಡೆ ಬಂಡೆಯ ಸಂದಿನಿಂದ ಬರುವ ಬೋರ್ ನೀರು ಗಡಸು, ಅದರಲ್ಲಿ ಬೈಕಾರ್ಬನೇಟ್ ಧಾರಾಳ. ದಾವಣಗೆರೆಗೆ ಬರುವ ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು ಮೆದು, ಅದರಲ್ಲಿ ಕಡಿಮೆ. ಕುಡಿಯಲು, ಬೇಳೆ ಬೇಯಿಸಲು ನದಿ ನೀರೇ ಚೆಂದ. ಎಸ್‌ಟಿಪಿಗೆ ಮಾತ್ರ ಗಡಸು ನೀರೇ ಅನುಕೂಲ. "ಬೇಸಿಗೆಯಲ್ಲಿ ಬೋರ್ ನೀರು ಬಿಟ್ಟಾಗ ರಿಪೋರ್ಟ್ ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಕೆಡುತ್ತದೆ" ಎನ್ನುವವರ ಒಗಟು ಇದರಿಂದ ಬಿಡಿಸುತ್ತದೆ.

ನಮ್ಮ ಹಾಸ್ಟೆಲಿನ ಲೆಕ್ಕ ಹಾಕೋಣ. ಬರುವ ಕೊಳಚೆ ನೀರಿನ ಆಲ್ಕಲಿನಿಟಿ 220. ಪಿಎಚ್ ಬೀಳದಿರಲು ಕೊನೆಗೆ 80 ಉಳಿದಿರಬೇಕು. ಹಾಗಾದರೆ ಖರ್ಚು ಮಾಡಲು ಸಿಗುವುದು 140. ಅದನ್ನು 7.14ರಿಂದ ಭಾಗಿಸಿದರೆ ಸುಮಾರು 20. ಅಷ್ಟು ಅಮೋನಿಯಾ ಮಾತ್ರ ಹೋಗಬಲ್ಲದು. ಮೈಗೆ ಸೇರಿದ 12 ಕಳೆದು ಉಳಿದದ್ದು 38. ಅದರಲ್ಲಿ 20 ಹೋದರೆ ಉಳಿಯುವುದು 18. ಲ್ಯಾಬ್ ರಿಪೋರ್ಟಿನಲ್ಲಿ ಬಂದದ್ದೂ 18. ಈ ಹಾಸ್ಟೆಲಿಗೆ ಬ್ಲೋವರ್ ಬದಲಾಯಿಸಿದ್ದರೆ ಹಣ ಸುಮ್ನೆ ಹೋಗುತ್ತಿತ್ತು.

ನೀವು ಎರಡು ಕಡೆ ಅಳೆಯಿರಿ: ಏರೇಷನ್ ಟ್ಯಾಂಕಿಗೆ ಬರುವ ನೀರಿನಲ್ಲಿ ಮತ್ತು ಸೆಟ್ಲಿಂಗ್ ಟ್ಯಾಂಕಿನಿಂದ ಹೋಗುವ ತಿಳಿನೀರಿನಲ್ಲಿ. ತಿಳಿನೀರಿನಲ್ಲಿ 80ಕ್ಕಿಂತ ಕಡಿಮೆ ಇದ್ದು ಅಮೋನಿಯಾ ಉಳಿದಿದ್ದರೆ ಕ್ಷಾರವೇ ಕೊರತೆ. ತಿಳಿನೀರಿನಲ್ಲಿ 200 ಇದ್ದೂ ಅಮೋನಿಯಾ ಉಳಿದಿದ್ದರೆ ಕ್ಷಾರಕ್ಕೆ ದೋಷ ಹೊರಿಸಬೇಡಿ, ಎರಡು ಮತ್ತು ಮೂರನೇ ಹಂತಕ್ಕೆ ವಾಪಸ್ ಹೋಗಿ.

ಕೊರತೆ ತುಂಬಲು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್ ಹಾಕಬಹುದು. ಒಂದು ಗ್ರಾಂ ಆಲ್ಕಲಿನಿಟಿಗೆ 1.68 ಗ್ರಾಂ ಸೋಡಾ ಬೇಕು. ನಮ್ಮಲ್ಲಿ 35 ಅಮೋನಿಯಾ ಹೋಗಲು 250 ಬೇಕು, ಉಳಿಯಲು 80, ಒಟ್ಟು 330. ಇರುವುದು 220. ಕೊರತೆ 110. ದಿನದ ನೀರಿಗೆ ಇದು ಸುಮಾರು 9 ಕೆಜಿ ಸೋಡಾ. ಮೂಟೆಯಲ್ಲಿ ತಂದರೂ ತಿಂಗಳಿಗೆ 270 ಕೆಜಿ ಆಗುತ್ತದೆ. ಸುಣ್ಣ ಅಗ್ಗ, ಆದರೆ ಸ್ವಲ್ಪ ಜಾಸ್ತಿಯಾದರೂ ಪಿಎಚ್ ಜಿಗಿಯುತ್ತದೆ, ಡಿಫ್ಯೂಸರ್ ರಂಧ್ರಕ್ಕೆ ಸುಣ್ಣದ ಗಟ್ಟಿ ಹಿಡಿಯುತ್ತದೆ. ನಾನು ಸಣ್ಣ ಘಟಕಗಳಿಗೆ ಸುಣ್ಣ ಹೇಳುವುದಿಲ್ಲ.

ಸೋಡಾವನ್ನು ಬಕೆಟ್‌ನಲ್ಲಿ ಕರಗಿಸಿ ದಿನದಲ್ಲಿ ಮೂರು ನಾಲ್ಕು ಸಲ ಹಂಚಿ ಹಾಕಿ. ಮೂರು ನಾಲ್ಕು ದಿನದಲ್ಲಿ ತಿಳಿನೀರಿನ ಅಮೋನಿಯಾ ಇಳಿಯತೊಡಗಿದರೆ ನಿಮ್ಮ ರೋಗ ಯಾವುದೆಂದು ಗೊತ್ತಾಯಿತು. ಇಳಿಯತೊಡಗಿದ ಮೇಲೆ ಸೋಡಾ ಖರ್ಚು ಕಡಿಮೆ ಮಾಡುವ ದಾರಿ ಮುಂದಿನ ಹಂತ.

ಹಂತ 5: ನೈಟ್ರೇಟನ್ನು ಗಾಳಿಗೆ ಕಳಿಸಿ, ಅರ್ಧ ಕ್ಷಾರ ವಾಪಸ್ ಪಡೆಯಿರಿ

ಅಮೋನಿಯಾ ಪೂರ್ತಿ ನೈಟ್ರೇಟ್ ಆದರೂ ಸಾರಜನಕ ನೀರಿನಲ್ಲೇ ಇದೆ. ಅದನ್ನು ಹೊರಹಾಕಲು ಗಾಳಿಯಿಲ್ಲದ, ಆದರೆ ಕದಡುತ್ತಿರುವ ಒಂದು ಟ್ಯಾಂಕ್ ಬೇಕು. ಇದಕ್ಕೆ ಅನಾಕ್ಸಿಕ್ ಟ್ಯಾಂಕ್ ಎನ್ನುತ್ತಾರೆ. ಅದು ಏರೇಷನ್ ಟ್ಯಾಂಕಿನ ಮುಂಚೆ ಇರಬೇಕು. ಯಾಕೆಂದರೆ ನೈಟ್ರೇಟ್ ಉಸಿರಾಡುವ ಬ್ಯಾಕ್ಟೀರಿಯಾಗೆ ಊಟವೂ ಬೇಕು, ಆ ಊಟ ಈಗ ತಾನೇ ಬಂದ ಕೊಳಚೆ ನೀರಿನಲ್ಲೇ ಇದೆ. ಏರೇಷನ್ ಮುಗಿದ ನೀರಿನಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ.

ಏರೇಷನ್ ಟ್ಯಾಂಕಿನ ಕೊನೆಯಿಂದ ನೈಟ್ರೇಟ್ ತುಂಬಿದ ನೀರನ್ನು ಒಂದು ಪಂಪ್ ಅನಾಕ್ಸಿಕ್ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಬರುವ ನೀರಿನ ಎರಡು ಪಟ್ಟು ಹೀಗೆ ಕಳಿಸಿ, ಸೆಟ್ಲಿಂಗ್ ಟ್ಯಾಂಕಿನ ಸ್ಲಡ್ಜ್ ಒಂದು ಪಟ್ಟು ಸೇರಿದರೆ ಮೂರು ಪಟ್ಟು ವಾಪಸ್ ಆಯಿತು. ನಾಲ್ಕು ಪಾಲಿನಲ್ಲಿ ಮೂರು ಪಾಲು ವಾಪಸ್, ಒಂದು ಪಾಲು ಹೊರಗೆ. ಹಾಗಾಗಿ ಹೆಚ್ಚೆಂದರೆ ಶೇಕಡಾ 75 ನೈಟ್ರೇಟ್ ಹೋಗುತ್ತದೆ. ನಮ್ಮ 35ರಲ್ಲಿ 26.

ಇದರ ದೊಡ್ಡ ಲಾಭ ಕ್ಷಾರ. ಒಂದು ಗ್ರಾಂ ನೈಟ್ರೇಟ್ ಸಾರಜನಕ ಗಾಳಿಗೆ ಹೋದಾಗ 3.57 ಗ್ರಾಂ ಆಲ್ಕಲಿನಿಟಿ ನೀರಿಗೆ ವಾಪಸ್ ಬರುತ್ತದೆ. 26ಕ್ಕೆ 93. ಕೊರತೆ 110 ಇತ್ತು, ಈಗ 17 ಆಯಿತು. ದಿನಕ್ಕೆ 9 ಕೆಜಿ ಸೋಡಾದ ಜಾಗದಲ್ಲಿ ಒಂದೂವರೆ ಕೆಜಿ ಸಾಕು. ಅಷ್ಟೇ ಅಲ್ಲ, ನೈಟ್ರೇಟಿನ ಆಮ್ಲಜನಕದಿಂದಲೇ ಒಂದಷ್ಟು ಕೊಳೆ ಸುಟ್ಟುಹೋಗಿ ಬ್ಲೋವರಿನ ಹೊರೆಯೂ ಇಳಿಯುತ್ತದೆ.

ಮಿತಿಯನ್ನೂ ನೋಡಿ. ಉಳಿದ ನೈಟ್ರೇಟ್ 9, ಅಮೋನಿಯಾ 3, ಒಟ್ಟು 12. ಹತ್ತರ ಒಳಗೆ ಬರಲಿಲ್ಲ. ವಾಪಸ್ ನೀರನ್ನು ಇನ್ನೊಂದು ಪಟ್ಟು ಹೆಚ್ಚಿಸಿದರೆ ಶೇಕಡಾ 80ಕ್ಕೆ ಹೋಗುತ್ತದೆ, ಅಮೋನಿಯಾವನ್ನು 2ಕ್ಕೆ ಇಳಿಸಿದರೆ ಒಟ್ಟು 9ರ ಸುತ್ತ ಬರುತ್ತದೆ. ಅದರಾಚೆ ಪಂಪ್ ದೊಡ್ಡದು ಮಾಡುವುದರಿಂದ ಉಪಯೋಗ ಕಡಿಮೆ. ವಾಪಸ್ ನೀರಿನ ಜೊತೆ ಕರಗಿದ ಗಾಳಿಯೂ ಬಂದು ಅನಾಕ್ಸಿಕ್ ಟ್ಯಾಂಕ್ ಕೆಡುತ್ತದೆ. ಅದಕ್ಕೇ ಏರೇಷನ್ ಟ್ಯಾಂಕಿನ ಡಿಒ 4, 5 ಇರುವುದೂ ಒಳ್ಳೆಯದಲ್ಲ, 2 ಸಾಕು ಎನ್ನುವುದು.

ಅನಾಕ್ಸಿಕ್ ಟ್ಯಾಂಕ್ ಇಲ್ಲದವರು ಏನು ಮಾಡಬೇಕು? ಒಂದೇ ಟ್ಯಾಂಕಿನಲ್ಲಿ ಬ್ಲೋವರನ್ನು ಟೈಮರ್ ಇಟ್ಟು ನಡೆಸಬಹುದು. ಒಂದೂವರೆ ಗಂಟೆ ಓಡಿಸಿ, ಮುಕ್ಕಾಲು ಗಂಟೆ ನಿಲ್ಲಿಸಿ. ನಿಂತ ಮೊದಲ ಹತ್ತು ಹದಿನೈದು ನಿಮಿಷ ಉಳಿದ ಗಾಳಿ ಮುಗಿಯಲು ಹೋಗುತ್ತದೆ, ನೈಟ್ರೇಟ್ ತಿನ್ನುವುದು ಆಮೇಲೆ. ಕೊಳಚೆ ನೀರು ಒಳಗೆ ಕಳಿಸುವ ಪಂಪನ್ನು ಇದೇ ನಿಂತ ಹೊತ್ತಿನಲ್ಲಿ ಓಡುವಂತೆ ಹೊಂದಿಸಿ, ಆಗ ಊಟವೂ ಸಿಗುತ್ತದೆ. ತಳದಲ್ಲಿ ಒಂದು ಸಣ್ಣ ಸಬ್‌ಮರ್ಸಿಬಲ್ ಪಂಪ್ ಕದಡುತ್ತಿರಲಿ. ಆದರೆ ಎರಡು ಷರತ್ತು. ಗಾಳಿ ಊದುವ ಹೊತ್ತು ದಿನಕ್ಕೆ 16 ಗಂಟೆಗೆ ಇಳಿಯುತ್ತದೆ, ನಿಮ್ಮ ಬ್ಲೋವರ್ ಅಷ್ಟರಲ್ಲೇ ಪೂರ್ತಿ ಆಮ್ಲಜನಕ ಕೊಡಬಲ್ಲದೇ ನೋಡಿ. ಮತ್ತೆ, ಅಮೋನಿಯಾ ಈಗಾಗಲೇ 5ರ ಕೆಳಗೆ ಬಂದಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ನೈಟ್ರೇಟೇ ಇಲ್ಲದ ಟ್ಯಾಂಕಿನಲ್ಲಿ ಗಾಳಿ ನಿಲ್ಲಿಸಿದರೆ ಸಿಗುವುದು ಗಬ್ಬು ವಾಸನೆ ಮಾತ್ರ.

ಎಷ್ಟು ದಿನ ಕಾಯಬೇಕು, ಸರಿಹೋಗುತ್ತಿದೆ ಎಂದು ಹೇಗೆ ತಿಳಿಯುವುದು

ಕ್ಷಾರ ಮಾತ್ರ ಕೊರತೆಯಾಗಿದ್ದರೆ ವಾರದೊಳಗೆ ಫಲ ಕಾಣುತ್ತದೆ. ಬ್ಯಾಕ್ಟೀರಿಯಾಗಳೇ ಕಡಿಮೆಯಾಗಿದ್ದರೆ ಮೂರು ನಾಲ್ಕು ವಾರ ಬೇಕು. ಕಿಟ್‌ನಲ್ಲಿ ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಎಷ್ಟೋ ಜನ ಇಲ್ಲಿ ಗಾಬರಿಯಾಗಿ ಏನಾದರೂ ಬದಲಾಯಿಸುತ್ತಾರೆ. ಬೇಡ. ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇನ್ನೂ ಬೆಳೆಯುತ್ತಿದೆ ಅಷ್ಟೇ. ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ನೈಟ್ರೈಟ್ ಎರಡು ವಾರವಾದರೂ ಇಳಿಯದಿದ್ದರೆ ಗಾಳಿ ಮತ್ತೊಮ್ಮೆ ನೋಡಿ.

ಬೇಗ ಆಗಬೇಕೆಂದರೆ, ಅಮೋನಿಯಾ ಚೆನ್ನಾಗಿ ಇಳಿಸುತ್ತಿರುವ ಬೇರೆ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ವಾಪಸ್ ಸ್ಲಡ್ಜ್ ಕೇಳಿ ತನ್ನಿ. ತೆಗೆದ ದಿನವೇ ಸುರಿಯಿರಿ. ಪ್ಯಾಕೆಟ್‌ನಲ್ಲಿ ಬರುವ ಬ್ಯಾಕ್ಟೀರಿಯಾ ಪುಡಿಗಿಂತ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ. ಸಗಣಿ ಹಾಕಿ ಎನ್ನುವವರ ಮಾತು ಕೇಳಬೇಡಿ. ಅದರಿಂದ ಬಿಒಡಿ ಜಾಸ್ತಿಯಾಗುತ್ತದೆ, ಅಮೋನಿಯಾ ತಿನ್ನುವವು ಅದರಲ್ಲಿ ಸಿಗುವುದಿಲ್ಲ.

ಭಾನುವಾರ ಟಾಯ್ಲೆಟ್ ತೊಳೆಯುವ ದಿನ. ಒಂದೇ ಬೆಳಿಗ್ಗೆ ಬಾಟಲಿಗಟ್ಟಲೆ ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಒಳಗೆ ಬಂದರೆ ಮೊದಲು ಬೀಳುವವು ಅಮೋನಿಯಾ ತಿನ್ನುವವು. ಆಸಿಡ್ ಕ್ಷಾರವನ್ನೂ ನುಂಗುತ್ತದೆ. ಸೋಮವಾರ, ಮಂಗಳವಾರ ಮಾತ್ರ ಅಮೋನಿಯಾ ಏರಿ ಶುಕ್ರವಾರದ ಹೊತ್ತಿಗೆ ಇಳಿಯುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದೊಂದು ಮಹಡಿಯನ್ನು ಒಂದೊಂದು ದಿನ ತೊಳೆಯುವಂತೆ ಹಂಚಿ, ಸಾಧ್ಯವಿದ್ದ ಕಡೆ ಸೋಪಿನ ಪುಡಿ ಬಳಸಿಸಿ.

ದಸರಾ ರಜೆ, ಪರೀಕ್ಷೆ ಮುಗಿದ ರಜೆಗಳಲ್ಲಿ ಹಾಸ್ಟೆಲ್ ಖಾಲಿಯಾಗುತ್ತದೆ. ಊಟವಿಲ್ಲದೆ ಬ್ಯಾಕ್ಟೀರಿಯಾ ಕರಗುತ್ತಾ ಹೋಗುತ್ತವೆ. ಆ ದಿನಗಳಲ್ಲಿ ಸ್ಲಡ್ಜ್ ತೆಗೆಯುವುದನ್ನು ಪೂರ್ತಿ ನಿಲ್ಲಿಸಿ. ಬ್ಲೋವರನ್ನು ಗಂಟೆಗೆ ಹದಿನೈದು ಇಪ್ಪತ್ತು ನಿಮಿಷ ಮಾತ್ರ ಓಡಿಸಿ, ಸ್ಲಡ್ಜ್ ವಾಪಸ್ ಪಂಪ್ ಮಾತ್ರ ನಡೆಯುತ್ತಿರಲಿ. ವಿದ್ಯಾರ್ಥಿಗಳು ಬರುವ ಎರಡು ದಿನ ಮೊದಲು ಗಾಳಿ ಪೂರ್ತಿ ಕೊಡಿ. ಅವರು ಬಂದ ಮೇಲೆ ಒಂದು ವಾರ ದಿನವೂ ಅಮೋನಿಯಾ ಮತ್ತು ಆಲ್ಕಲಿನಿಟಿ ನೋಡಿ, ಮೂರು ದಿನ ಸತತವಾಗಿ ಅಮೋನಿಯಾ 5ರ ಒಳಗಿದ್ದರೆ ದಿನಕ್ಕೆ 600 ಲೀಟರಿನಿಂದ ಸ್ಲಡ್ಜ್ ತೆಗೆಯಲು ಶುರು ಮಾಡಿ, ಮುಂದಿನ ವಾರ 1,200ಕ್ಕೆ ಹೋಗಿ.